ಒಂದು ಕಡೆ ಮುರುಮು, ಒಂದು ಕಡೆ ಎರಿ: ಬಹುಮಹಡಿ ಕಟ್ಟಡಕ್ಕೆ ಬೋರ್ ಎಲ್ಲಿ, ಎಷ್ಟು ಆಳ?

ಪ್ರಶ್ನೆ: ವಿಜಯಪುರದಾಗ ನಮ್ಮದು 36 ಮೀಟರ್ × 50 ಮೀಟರ್ ಜಾಗ ಐತ್ರಿ. ಸ್ಟಿಲ್ಟ್ ಮತ್ತು 7 ಮಹಡಿ ಕಟ್ಟಬೇಕು, ಕಟ್ಟಡದ ಅಳತೆ 24 × 36 ಮೀಟರ್. ಪೂರ್ವಕ್ಕ ಮುರುಮು ಮ್ಯಾಲೇ ಕಾಣ್ತದ, ಪಶ್ಚಿಮಕ್ಕ ಹಳ್ಳದ ಕಡೆ ಪೂರಾ ಎರಿ ಮಣ್ಣು. ಮಣ್ಣು ಪರೀಕ್ಷೆಗೆ ಎರಡು ಬೋರ್, 6 ಮೀಟರ್ ಆಳ ಸಾಕು ಅಂತ ಕಾಂಟ್ರಾಕ್ಟರ್ ಹೇಳ್ತಾರ. ಸಾಕಾಗ್ತದೇನ್ರಿ?

ಉತ್ತರ:

ಸಾಕಾಗಲ್ಲ ರೀ. ಎರಡು ಬೋರಿನಿಂದ ಒಂದು ಗೆರೆ ಎಳೆಯಬಹುದು, ಅಷ್ಟೇ. ನಿಮಗೆ ಬೇಕಾಗಿರುವುದು ಕಲ್ಲಿನ ಮೇಲ್ಮೈ ಯಾವ ಕಡೆಗೆ ಇಳಿಯುತ್ತದೆ, ಎಲ್ಲಿ ಸಾವಕಾಶ ಇಳಿಯುತ್ತದೆ, ಎಲ್ಲಿ ಮೆಟ್ಟಿಲಿನಂತೆ ಒಮ್ಮೆಲೇ ಕುಸಿಯುತ್ತದೆ ಅನ್ನುವ ಮಾಹಿತಿ. ಆದರೆ ಮೊದಲೇ ಹದಿನೈದು ಬೋರ್ ಬರೆದಿಟ್ಟು ಹಣ ಸುರಿಯುವುದೂ ಬೇಡ. ಎರಡು ಹಂತದಲ್ಲಿ ಮಾಡಿ: ಮೊದಲು ಐದು, ಅವು ಏನು ಹೇಳುತ್ತವೆ ನೋಡಿ ಉಳಿದವು.

ರಿಗ್ ಕರೆಸುವ ಮೊದಲು ಎರಡು ದಿನ ಸುತ್ತಮುತ್ತ ವಿಚಾರಿಸಿ. ಅಕ್ಕಪಕ್ಕದ ನೀರಿನ ಬೋರ್‌ವೆಲ್‌ಗೆ ಎಷ್ಟು ಅಡಿ ಕೇಸಿಂಗ್ ಪೈಪ್ ಇಳಿಸಿದ್ದಾರೆ ಅಂತ ಕೇಳಿ. ಕುಸಿಯುವ ಮಣ್ಣು ಮುಗಿದು ಗಟ್ಟಿ ಹತ್ತುವವರೆಗೆ ಕೇಸಿಂಗ್ ಇಳಿಸುತ್ತಾರೆ, ಆದ್ದರಿಂದ ಅದು ಕಲ್ಲಿನ ಆಳದ ಪುಕ್ಕಟೆ ಅಂದಾಜು. ಹಳೆಯ ಖಣಿ, ಮುಚ್ಚಿದ ಬಾವಿ, ಹಳ್ಳದ ಹಳೆಯ ದಾರಿ ಇದ್ದವೇ ಅಂತ ಹಿರಿಯರನ್ನು ಕೇಳಿ, ಸರ್ವೆ ನಕ್ಷೆಯನ್ನೂ ನೋಡಿ. ವಿಜಯಪುರದಲ್ಲಿ ಇನ್ನೊಂದು ವಿಶೇಷ ಇದೆ. ಆದಿಲ್‌ಶಾಹಿ ಕಾಲದ ಬಾವಡಿಗಳ ಜೊತೆಗೆ ನೆಲದೊಳಗಿನ ಕರೇಜ್ ಸುರಂಗಗಳೂ ಇವೆ. ಅಂಥದ್ದರ ಗುರುತು ಹತ್ತಿರದಲ್ಲಿದ್ದರೆ ಪೊಳ್ಳು ಸಿಗುವ ಸಾಧ್ಯತೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಆಮೇಲೆ ಜೆಸಿಬಿಯಿಂದ 3 ಮೀಟರ್ ಆಳದ ನಾಲ್ಕೈದು ಗುಂಡಿ ತೆಗೆಸಿ, ಆದರೆ ಫೂಟಿಂಗ್ ಬರುವ ಜಾಗ ಬಿಟ್ಟು. ತಿರುಗಿ ತುಂಬಿದ ಮಣ್ಣು ಮೊದಲಿನ ಗಟ್ಟಿತನಕ್ಕೆ ಬರುವುದಿಲ್ಲ.

ಈಗ ಬೋರ್‌ಗಳ ಜಾಗ. ಮಣ್ಣು ಪರೀಕ್ಷೆಯ ಭಾರತೀಯ ಮಾನದಂಡ ಐಎಸ್ 1892ರ 1979ರ ಆವೃತ್ತಿಯಲ್ಲಿ ಸುಮಾರು 0.4 ಹೆಕ್ಟೇರ್, ಅಂದರೆ ಒಂದು ಎಕರೆಯ ಜಾಗಕ್ಕೆ ನಾಲ್ಕು ಮೂಲೆಗೊಂದು, ನಡುವೆ ಒಂದು ಅಂತ ಇದೆ. ನಿಮ್ಮ ಜಾಗ ಅದರ ಅರ್ಧಕ್ಕಿಂತ ಕಡಿಮೆ, ಆದರೂ ಐದಕ್ಕಿಂತ ಕೆಳಗೆ ಇಳಿಯಬೇಡಿ, ಯಾಕೆಂದರೆ ಆ ಅಂಕಿ ಮಣ್ಣು ಒಂದೇ ತೆರನಾಗಿರುವ ಕಡೆಗೆ ಸರಿ. ಮೂಲೆ ಅಂದರೆ ಕಟ್ಟಡದ ಮೂಲೆ, ಪ್ಲಾಟಿನ ಮೂಲೆ ಅಲ್ಲ. ಕಾಂಪೌಂಡ್ ಪಕ್ಕ ರಿಗ್ ನಿಲ್ಲಿಸುವುದು ಸುಲಭ ಅಂತ ಅಲ್ಲೇ ಹೊಡೆದು ಮುಗಿಸುವುದನ್ನು ಬಹಳ ಕಡೆ ನೋಡಬಹುದು. ಅಲ್ಲಿ ಕಂಬವೇ ಇಲ್ಲದಿದ್ದರೆ ಆ ಮಾಹಿತಿ ಅರ್ಧ ವ್ಯರ್ಥ.

ಪ್ರತಿ ಬೋರಿನ ನೆಲಮಟ್ಟವನ್ನು ಒಂದೇ ಬೆಂಚ್‌ಮಾರ್ಕಿನಿಂದ ಅಳೆಯಿಸಿ. ಇಳಿಜಾರಿನಲ್ಲಿ "ಕಲ್ಲು 3 ಮೀಟರಿಗೆ ಸಿಕ್ಕಿತು" ಅನ್ನುವುದು ಎರಡು ಬೋರಿನಲ್ಲಿ ಎರಡು ಬೇರೆ ಅರ್ಥ ಕೊಡುತ್ತದೆ. ಹೋಲಿಸಬೇಕಾದದ್ದು ಮಟ್ಟವನ್ನು, ಆಳವನ್ನಲ್ಲ.

ಎರಡನೇ ಹಂತ ಹೇಗೆ ನಡೆಯುತ್ತದೆ ಅನ್ನುವುದಕ್ಕೆ ಒಂದು ಲೆಕ್ಕ ಹಾಕೋಣ. ಪೂರ್ವದ ನೆಲಮಟ್ಟ 100.0, ಪಶ್ಚಿಮದ್ದು 98.4 ಅಂದುಕೊಳ್ಳಿ. ಪೂರ್ವದ ಎರಡು ಮೂಲೆಯಲ್ಲಿ ಕಲ್ಲು 98.2 ಮತ್ತು 97.8ರಲ್ಲಿ ಸಿಕ್ಕಿತು. ನಡುವೆ 95.8, ವಾಯವ್ಯ ಮೂಲೆಯಲ್ಲಿ 93.8, ನೈಋತ್ಯದಲ್ಲಿ 89.8. ನಡುವಿನ ಬೋರಿನಿಂದ ನೈಋತ್ಯ ಮೂಲೆಗೆ 21.6 ಮೀಟರ್ ದೂರ, ಕಲ್ಲು 6 ಮೀಟರ್ ಕೆಳಗೆ ಹೋಗಿದೆ. ನೇರ ಗೆರೆ ಎಳೆದರೆ ಮಧ್ಯದಲ್ಲಿ 92.8ಕ್ಕೆ ಕಲ್ಲು ಬರಬೇಕು. ಆರನೇ ಬೋರನ್ನು ಅಲ್ಲೇ ಹಾಕಿ, ಆದರೆ ಹಾಕುವ ಮೊದಲು ಆ 92.8 ಅನ್ನುವ ಅಂಕಿಯನ್ನು ಕಾಗದದ ಮೇಲೆ ಬರೆದಿಡಿ. ಸಿಕ್ಕಿದ್ದು 95.2 ಅಂದರೆ ನಿಮ್ಮ ಊಹೆ 2.4 ಮೀಟರ್ ತಪ್ಪಿತು. ಅಂದರೆ ಅಲ್ಲಿ ಇರುವುದು ಇಳಿಜಾರಲ್ಲ, ಉಳಿದ 10.8 ಮೀಟರಿನೊಳಗೆ ಕಲ್ಲು 5.4 ಮೀಟರ್ ಬೀಳುತ್ತಿದೆ. ಅದು ಹಳೆಯ ಖಣಿಯ ಅಂಚು ಇರಬಹುದು, ಇಲ್ಲವೆ ಹಳ್ಳದ ದಂಡೆ.

ಏಳನೆಯದನ್ನು ನೈಋತ್ಯ ಮತ್ತು ವಾಯವ್ಯ ಮೂಲೆಗಳ ನಡುವೆ ಹಾಕಿ. ಊಹೆ 91.8 ಇದ್ದು, ಸಿಕ್ಕಿದ್ದು 93.4 ಅಂದರೆ ಆಳದ ಹೊಂಡ ನೈಋತ್ಯ ಮೂಲೆಗೆ ಮಾತ್ರ ಸೀಮಿತ ಅಂತ ಗೊತ್ತಾಯಿತು. ಮುಂದೆ ಪೂರ್ಣ ಬೋರ್ ಬೇಕಿಲ್ಲ. ಐಎಸ್ 4968ರ ಡೈನಾಮಿಕ್ ಕೋನ್ ಪರೀಕ್ಷೆಯನ್ನು ಆ ಅಂಚಿಗೆ ಅಡ್ಡವಾಗಿ 3 ಮೀಟರಿಗೊಂದು ಮಾಡಿಸಿದರೆ ಗೆರೆ ಎಲ್ಲಿದೆ ಅಂತ ತಿಳಿಯುತ್ತದೆ. 50 ಮಿ.ಮೀ. ಕೋನನ್ನು 65 ಕೆ.ಜಿ. ಸುತ್ತಿಗೆಯಿಂದ ಹೊಡೆದು ಇಳಿಸುವ ಅಗ್ಗದ ಪರೀಕ್ಷೆ ಅದು. ಗುಂಡುಕಲ್ಲಿಗೆ ತಾಗಿದರೂ ನಿಂತುಬಿಡುತ್ತದೆ, ಹಾಗಾಗಿ ಒಂಟಿಯಾಗಿ ಬೇಗ ನಿಂತ ಬಿಂದುವನ್ನು ನಂಬಬೇಡಿ. ಪಕ್ಕದಲ್ಲಿ ಒಂದೂವರೆ ಮೀಟರ್ ಸರಿದು ಇನ್ನೊಮ್ಮೆ ಹೊಡೆಸಿ.

ನಾನು ಹಿಡಿಯುವ ಅಳತೆಗೋಲು ಇಷ್ಟೇ: ಮುಂಚೆ ಬರೆದಿಟ್ಟ ಮಟ್ಟಕ್ಕೂ ಸಿಕ್ಕ ಮಟ್ಟಕ್ಕೂ 1 ಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ನಡುವೆ ಮತ್ತೆ ನೋಡಬೇಕು. ಅಂಚು ಯಾವ ಎರಡು ಕಂಬಗಳ ನಡುವೆ ಬೀಳುತ್ತದೆ ಅಂತ ತಿಳಿದ ಮೇಲೆ ನಿಲ್ಲಿಸಬಹುದು. ಇಷ್ಟು ಹಟ ಯಾಕೆ ಅಂದರೆ, ಬಿಡಿ ಫೂಟಿಂಗ್ ಮೇಲಿನ ಆರ್‌ಸಿಸಿ ಚೌಕಟ್ಟಿಗೆ ಐಎಸ್ 1904 ಬಿಡುವ ಅಸಮ ಕುಸಿತ ಕಂಬಗಳ ಅಂತರದ 0.0015 ಪಾಲು. 6 ಮೀಟರ್ ಅಂತರಕ್ಕೆ ಅದು 9 ಮಿ.ಮೀ. ಮಾತ್ರ. ಒಂದು ಕಂಬ ಮುರುಮಿನ ಮೇಲೆ, ಪಕ್ಕದ್ದು ತುಂಬಿದ ಖಣಿಯ ಮೇಲೆ ಬಂದರೆ 9 ಮಿ.ಮೀ. ಏನೂ ಅಲ್ಲ.

ಇನ್ನು ಆಳ. ಕಂಬವೊಂದಕ್ಕೆ 30 ಚದರ ಮೀಟರ್ ಜಾಗ, ಮಹಡಿಗೆ ಚದರ ಮೀಟರಿಗೆ 1.2 ಟನ್, 8 ಸ್ಲ್ಯಾಬ್ ಹಿಡಿದರೆ ಸುಮಾರು 288 ಟನ್ ಬರುತ್ತದೆ. ಮುರುಮು ಚದರ ಮೀಟರಿಗೆ 30 ಟನ್ ತಡೆಯುತ್ತದೆ ಅಂತ ಸದ್ಯಕ್ಕೆ ಇಟ್ಟುಕೊಂಡರೆ 3.1 ಮೀಟರ್ ಚೌಕದ ಫೂಟಿಂಗ್. ಭಾರ ಎರಡು ಪಾಲು ಇಳಿಯುವಾಗ ಒಂದು ಪಾಲು ಅಗಲವಾಗುತ್ತದೆ ಅನ್ನುವ ಸರಳ ಲೆಕ್ಕದಲ್ಲಿ, ಫೂಟಿಂಗ್ ತಳದಿಂದ 9 ಮೀಟರ್ ಕೆಳಗೆ 288 ÷ (12.1 × 12.1), ಅಂದರೆ ಚದರ ಮೀಟರಿಗೆ 2 ಟನ್ ಉಳಿಯುತ್ತದೆ. ತಳ 2.5 ಮೀಟರ್ ಆಳದಲ್ಲಿದ್ದರೆ ಆ ಮಟ್ಟದಲ್ಲಿ ಮಣ್ಣಿನ ಸ್ವಂತ ಭಾರವೇ ಸುಮಾರು 20.7 ಟನ್. ಹೊಸ ಭಾರ ಹಳೆಯದರ ಹತ್ತನೇ ಒಂದಕ್ಕಿಂತ ಕಡಿಮೆಯಾದ ಮೇಲೆ ಕುಸಿತದ ಚಿಂತೆ ಕಡಿಮೆ. ಆದ್ದರಿಂದ ಕನಿಷ್ಠ 12 ಮೀಟರ್. ನಿಮ್ಮ ಕಾಂಟ್ರಾಕ್ಟರ್ ಹೇಳಿದ 6 ಮೀಟರಿನಲ್ಲಿ ತಳದ ಕೆಳಗೆ ನೋಡುವುದು ಬರೀ ಮೂರೂವರೆ ಮೀಟರ್.

ಈ 12 ಮೀಟರ್ ಕೂಡ ದಾರಿಯಲ್ಲಿ ಗಟ್ಟಿ ಸಿಕ್ಕರೆ ಮಾತ್ರ ಸಾಕು. 5–6 ಮೀಟರಿಗೊಂದು ಕಂಬ ಇದ್ದಾಗ ಫೂಟಿಂಗ್‌ಗಳ ನಡುವೆ ಉಳಿಯುವುದು ಎರಡು ಮೂರು ಮೀಟರ್. ಕೆಳಗೆ ಹೋದಂತೆ ಭಾರಗಳು ಒಂದರೊಳಗೊಂದು ಬೆರೆತು ಇಡೀ ಕಟ್ಟಡ ಒಂದೇ ಹಲಗೆಯಂತೆ ಒತ್ತುತ್ತದೆ. ಹಾಗೆ ಲೆಕ್ಕ ಹಾಕಿದರೆ 10 ಮೀಟರ್ ಕೆಳಗೂ ಚದರ ಮೀಟರಿಗೆ 5 ಟನ್ ಇರುತ್ತದೆ. 12 ಮೀಟರಿಗೂ ಮೆತ್ತಗೇ ಇದ್ದರೆ ಮುಂದುವರಿಸಬೇಕು.

ಪೂರ್ವದ ಕಡೆ ಇದಕ್ಕೆ ತಿರುಗುಮುರುಗಾದ ಮೋಸ. ಎರಡು ಮೀಟರಿಗೇ ಕರಿಕಲ್ಲು ಹತ್ತಿತು, ಬೋರ್ ಸಾಕು ಅನ್ನುತ್ತಾರೆ. ಒಂದು, ಅದು ಶಿಥಿಲವಾದ ಮುರುಮಿನೊಳಗೆ ಉಳಿದ ಗುಂಡುಕಲ್ಲು ಇರಬಹುದು. ಅದಕ್ಕೇ ಎಲ್ಲ ಬೋರಿನಲ್ಲೂ ಕನಿಷ್ಠ 3 ಮೀಟರ್ ಕೋರ್, ಅಂದರೆ ಕೊರೆದ ಕಲ್ಲಿನ ಉದ್ದನೆಯ ತುಂಡು, ತೆಗೆಯಬೇಕು. ಎರಡು, ಈ ನಾಡಿನ ಕಲ್ಲು ಲಾವಾ ಪದರದ ಮೇಲೆ ಪದರ ಹರಿದು ಆದದ್ದು. ಎರಡು ಪದರಗಳ ನಡುವೆ ಇಟ್ಟಿಗೆ ಬಣ್ಣದ ಜೇಡಿಯಂಥ ಪದರ ಸಿಗುತ್ತದೆ, ರೆಡ್ ಬೋಲ್ ಅನ್ನುತ್ತಾರೆ. ನೀರು ತಾಗಿದರೆ ಉದುರುತ್ತದೆ, ಮೆತ್ತಗಾಗುತ್ತದೆ. ಅದು ಫೂಟಿಂಗ್‌ನಿಂದ ದೂರ, ದಪ್ಪ ಕಲ್ಲಿನ ಕೆಳಗೆ ಇದ್ದರೆ ತೊಂದರೆ ಕಡಿಮೆ. ಮೇಲಿನ ಕಲ್ಲಿನ ದಪ್ಪ ಫೂಟಿಂಗ್ ಅಗಲಕ್ಕಿಂತ ಕಡಿಮೆ ಇದ್ದರೆ ಸುಮ್ಮನಿರುವಂತಿಲ್ಲ. ಹೀಗಾಗಿ ಪೂರ್ವದಲ್ಲೂ ಒಂದು ಬೋರನ್ನು ಕಲ್ಲು ಬಂದರೂ ನಿಲ್ಲಿಸದೆ 12 ಮೀಟರಿಗೆ ಒಯ್ಯಿರಿ. ನೆಲದೊಳಗೆ ಕಂಪನದ ಅಲೆ ಕಳಿಸಿ ಅದರ ವೇಗ ಅಳೆಯುವ ಸೈಸ್ಮಿಕ್ ರಿಫ್ರಾಕ್ಷನ್ ಮಾಡಿಸಿದರೆ ಇದು ತಿಳಿಯಬಹುದಲ್ಲ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ವೇಗದ ಪದರದ ಕೆಳಗಿರುವ ನಿಧಾನದ ಪದರ ಆ ವಿಧಾನಕ್ಕೆ ಕಾಣುವುದೇ ಇಲ್ಲ. ಕಲ್ಲಿನ ಮೇಲ್ಮೈ ಹುಡುಕಲು ಅದು ಒಳ್ಳೆಯದು, ಕಲ್ಲಿನ ಕೆಳಗೆ ನೋಡಲು ಅಲ್ಲ.

ಬೋಲ್ ಸಿಕ್ಕರೂ ಬೋರಿನ ದಾಖಲೆಯಾದ ಲಾಗಿನಲ್ಲಿ ಬರದೇ ಹೋಗುವುದು ಇನ್ನೊಂದು ಕಥೆ. ಕೋರ್ ಹಿಡಿಯುವ ಕೊಳವೆ ಒಂದೇ ಪದರದ್ದಾಗಿರುವ ಸಿಂಗಲ್ ಟ್ಯೂಬ್ ಬ್ಯಾರೆಲ್‌ನಲ್ಲಿ ಕೊರೆಯುವ ನೀರೇ ಅದನ್ನು ತೊಳೆದುಬಿಡುತ್ತದೆ. 1.5 ಮೀಟರ್ ಕೊರೆದು 0.9 ಮೀಟರ್ ಕೋರ್ ಬಂತು, ಲಾಗಿನಲ್ಲಿ "ಬಿರುಕುಬಿಟ್ಟ ಕಲ್ಲು" ಅಂತ ಬರೆದರು, ಮುಗಿಯಿತು. ಬಾರದ ಆ 0.6 ಮೀಟರ್ ಏನಾಗಿತ್ತು ಅನ್ನುವುದೇ ನಿಮ್ಮ ಪ್ರಶ್ನೆ ಆಗಬೇಕು. ಡಬಲ್ ಟ್ಯೂಬ್ ಬ್ಯಾರೆಲ್, ಎನ್‌ಎಕ್ಸ್ ಅಳತೆ ಅಂತ ಮೊದಲೇ ಬರೆಸಿ. ಸೈಟಿನಲ್ಲಿ ನಿಂತವರು ವಾಪಸ್ ಬರುವ ನೀರಿನ ಬಣ್ಣ ನೋಡುತ್ತಿರಬೇಕು. ಬೂದು ನೀರು ಕೆಂಪಾದರೆ, ರಾಡ್ ತಟ್ಟನೆ ಇಳಿದರೆ, ನೀರು ಮೇಲೆ ಬರುವುದೇ ನಿಂತರೆ ಆಗಿನ ಆಳ ಬರೆದಿಡಲಿ.

ನೈಋತ್ಯ ಮೂಲೆಗೆ ಪೈಲ್ ಬರುವ ಸಾಧ್ಯತೆ ಹೆಚ್ಚು. ಅಲ್ಲಿ ಕಲ್ಲು 8.6 ಮೀಟರಿಗೆ, ಒಂದು ಮೀಟರ್ ಕಲ್ಲಿನೊಳಗೆ ಹೋದರೆ ಪೈಲ್ ತುದಿ 9.6. ತುದಿಯ ಕೆಳಗೆ ಇನ್ನೂ 5 ಮೀಟರ್ ನೋಡಬೇಕು, ಅಂದರೆ ಆ ಬೋರ್ 15 ಮೀಟರ್. ಎರಿ ಇರುವ ಕಡೆ ಮೊದಲ ಮೂರೂವರೆ ಮೀಟರಿನಲ್ಲಿ ಉಬ್ಬುವ ಗುಣದ ಪರೀಕ್ಷೆಗೆ ಮಾದರಿ ತೆಗೆಸುವುದು ಮರೆಯಬೇಡಿ. ನೀರಿನ ಮಟ್ಟವನ್ನು ಬೋರ್ ಮುಗಿದ 24 ಗಂಟೆಯ ಮೇಲೆ ಅಳೆಯಬೇಕು, ಯಾಕೆಂದರೆ ಆ ದಿನ ಒಳಗಿರುವುದು ರಿಗ್ ಹಾಕಿದ ನೀರೇ.

ಕರಾರಿನಲ್ಲಿ ಇಷ್ಟು ಬೋರ್‌ಗೆ ಇಷ್ಟು ಅಂತ ಒಟ್ಟು ಮೊತ್ತ ಬರೆಯಬೇಡಿ. ಹಾಗೆ ಬರೆದರೆ ಬೇಗ ನಿಲ್ಲಿಸಿದಷ್ಟೂ ಅವರಿಗೆ ಲಾಭ. ಮಣ್ಣಿಗೆ ಬೇರೆ, ಕಲ್ಲಿಗೆ ಬೇರೆ ಮೀಟರ್ ದರ ಇರಲಿ. ನಿಲ್ಲಿಸುವ ಷರತ್ತನ್ನು ಅಂಕಿಯಲ್ಲಿ ಬರೆಯಿರಿ: ಪೂರ್ವದ ಒಂದು ಮತ್ತು ನಡುವಿನದು 12 ಮೀಟರ್, ನೈಋತ್ಯ 15, ಉಳಿದವು ಬಿಡದೆ 3 ಮೀಟರ್ ಕಲ್ಲು ಬಂದ ಮೇಲೆ, ಆದರೆ 8 ಮೀಟರಿಗಿಂತ ಕಡಿಮೆ ಆಗದಂತೆ. ರಿಗ್ ಸೈಟ್ ಬಿಡುವ ಮೊದಲು ನಿಮ್ಮ ಸ್ಟ್ರಕ್ಚರಲ್ ಎಂಜಿನಿಯರ್ ಕೋರ್ ಬಾಕ್ಸ್ ಕಣ್ಣಾರೆ ನೋಡಿ ಆರನೇ, ಏಳನೇ ಬೋರಿನ ಜಾಗ ಗುರುತು ಮಾಡಬೇಕು. ರಿಗ್ ವಾಪಸ್ ಹೋದ ಮೇಲೆ ಮತ್ತೆ ಕರೆಸುವ ಖರ್ಚಿನ ಮುಂದೆ ಎರಡು ದಿನ ನಿಲ್ಲಿಸಿಕೊಳ್ಳುವ ಬಾಡಿಗೆ ಅಗ್ಗ.