ಆ ಹದಿನೈದು ವರ್ಷದ ಬಾಕಿ ಯಾರ ಮೇಲೆ?

ಪಿಂಚಣಿ ಕಮ್ಯುಟೇಶನ್, ಅಂದರೆ ಪಿಂಚಣಿಯ ಒಂದು ಭಾಗವನ್ನು ಸರ್ಕಾರಕ್ಕೆ ಮಾರಿ ಒಟ್ಟಿಗೆ ಹಣ ಪಡೆಯುವ ವಿಚಾರ ಹಿಡಿದು ನನ್ನ ಬಳಿ ಬರುವವರು ಹೆಚ್ಚಾಗಿ ಗಂಡ ಹೆಂಡತಿ ಇಬ್ಬರೂ ಜೊತೆಗೇ ಬರುತ್ತಾರೆ. ಮಾತಾಡುವುದು ಮಾತ್ರ ಒಬ್ಬರೇ. ಈ ದಂಪತಿಯೂ ಹಾಗೇ ಇದ್ದರು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇನೆ.

ಯಜಮಾನರು ಕೇಂದ್ರ ಸರ್ಕಾರದ ಒಂದು ಕಚೇರಿಯಿಂದ 60ಕ್ಕೆ ನಿವೃತ್ತರಾಗಿ ಎಂಟು ತಿಂಗಳಾಗಿತ್ತು. ಮೂಲ ಪಿಂಚಣಿ 30,000 ರೂಪಾಯಿ. ಗ್ರಾಚ್ಯುಟಿ ಹಣವೆಲ್ಲ ಮನೆ ಸಾಲಕ್ಕೆ ಹೋಗಿತ್ತು. ಮಗಳ ಮದುವೆಗೆ ಮಾಡಿದ 6 ಲಕ್ಷದ ಕೈಸಾಲ ಹಾಗೇ ಉಳಿದಿತ್ತು, ಅದೂ ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ. ಅಂದರೆ ತಿಂಗಳಿಗೆ 12,000 ಬರೀ ಬಡ್ಡಿ. ಎರಡು ವರ್ಷದ ಹಿಂದೆ ಹೃದಯಕ್ಕೆ ಬೈಪಾಸ್ ಆಗಿತ್ತು. ಅವರಿಗೆ ಕಮ್ಯುಟೇಶನ್ ಬೇಕು, ಅದೂ ಪೂರ್ತಿ ಶೇ 40. ಸಾಲ ತೀರಿಸಿ ಮಿಕ್ಕಿದ್ದನ್ನು ಮಗನ ಅಂಗಡಿಗೆ ಹಾಕುವ ಯೋಚನೆ. ಹೆಂಡತಿ ಬೇಡವೇ ಬೇಡ ಅನ್ನುತ್ತಿದ್ದರು. ನಿವೃತ್ತಿಯ ಹೊತ್ತಿನಲ್ಲಿ ಅರ್ಜಿ ಹಾಕದೇ ಬಿಟ್ಟಿದ್ದೂ ಅವರ ಮಾತಿಗೇ.

ಮೊದಲ ಎರಡು ಭೇಟಿಯಲ್ಲಿ ನಾನು ಲೆಕ್ಕ ಹೇಳಿದೆ. ಮಾರುವ ಭಾಗವನ್ನು 12ರಿಂದ ಗುಣಿಸಿ, ಮತ್ತೆ ವಯಸ್ಸಿಗೆ ತಕ್ಕ ಅಂಕಿಯಿಂದ ಗುಣಿಸಬೇಕು. ಮುಂದಿನ ಹುಟ್ಟುಹಬ್ಬಕ್ಕೆ 61 ಆಗುವವರಿಗೆ ಕೇಂದ್ರದ ಕೋಷ್ಟಕದಲ್ಲಿ ಆ ಅಂಕಿ 8.194. ಶೇ 40 ಅಂದರೆ ತಿಂಗಳಿಗೆ 12,000 ಬಿಟ್ಟುಕೊಟ್ಟರೆ ಕೈಗೆ 11,79,936 ರೂಪಾಯಿ ಬರುತ್ತದೆ. ಸರ್ಕಾರಿ ನೌಕರರಿಗೆ ಇದರ ಮೇಲೆ ಆದಾಯ ತೆರಿಗೆ ಇಲ್ಲ. ಕಡಿತ 15 ವರ್ಷ ನಡೆಯುತ್ತದೆ, ಆಮೇಲೆ ಪೂರ್ತಿ ಪಿಂಚಣಿ ಮರಳಿ ಬರುತ್ತದೆ. (ರಾಜ್ಯ ಸರ್ಕಾರಿ ನೌಕರರ ಮಿತಿ ಮೂರನೇ ಒಂದು ಭಾಗ. ಅವರು ತಮ್ಮ ಕೋಷ್ಟಕವನ್ನೇ ನೋಡಿಕೊಳ್ಳಬೇಕು.)

ಮೂರನೇ ಭೇಟಿಗೆ ಆಕೆ ತಮ್ಮ ಪರ್ಸಿನಿಂದ ಒಂದು ಚೀಟಿ ತೆಗೆದು ಮೇಜಿನ ಮೇಲಿಟ್ಟರು. ಹರಿದ ಕ್ಯಾಲೆಂಡರ್ ಹಾಳೆಯ ಹಿಂಭಾಗ. ಪೆನ್ಸಿಲಿನಲ್ಲಿ ಲೆಕ್ಕ ಬರೆದಿದ್ದರು: 12,000ವನ್ನು 180 ತಿಂಗಳಿಗೆ ಗುಣಿಸಿ 21,60,000. ಅದರ ಕೆಳಗೆ ಎರಡು ಗೆರೆ ಎಳೆದಿದ್ದರು.

"ಇಷ್ಟು ಕಟ್ಟಬೇಕು ಅಲ್ವಾ ಮೇಡಂ?" ಅಂದರು.

"ಹೌದಮ್ಮ, 15 ವರ್ಷಕ್ಕೆ ಅಷ್ಟಾಗುತ್ತೆ."

ಸ್ವಲ್ಪ ಹೊತ್ತು ಸುಮ್ಮನಿದ್ದು, ಗಂಡನ ಕಡೆ ನೋಡದೇ ಕೇಳಿದರು: "ಇವರು ಮಧ್ಯದಲ್ಲೇ ಇಲ್ಲದೇ ಹೋದ್ರೆ, ಮಿಕ್ಕ ಬಾಕಿ ನನ್ನ ಪೆನ್ಷನ್ನಲ್ಲಿ ಹಿಡ್ಕೋತಾರಾ?"

ಯಜಮಾನರು ತಲೆ ತಗ್ಗಿಸಿದರು. ಎಂಟು ತಿಂಗಳಿಂದ ಮನೆಯಲ್ಲಿ ನಡೆದ ಜಗಳದ ಒಳಗೆ ಇದ್ದದ್ದು ಈ ಒಂದು ಪ್ರಶ್ನೆ. ಬೈಪಾಸ್ ಆದ ಗಂಡನ ಮುಂದೆ ಇದನ್ನು ಕೇಳುವುದು ಹೇಗೆ? ಅದಕ್ಕೇ "ಪೆನ್ಷನ್ ಮಾರಬೇಡಿ" ಅಂತಷ್ಟೇ ಹೇಳುತ್ತಾ ಬಂದಿದ್ದರು.

"ಇಲ್ಲಮ್ಮ. ಒಂದು ರೂಪಾಯಿಯೂ ಹಿಡಿಯಲ್ಲ" ಅಂದೆ. ಪಿಂಚಣಿದಾರರು ತೀರಿಕೊಂಡರೆ ಕಡಿತ ಅಲ್ಲಿಗೇ ಮುಗಿಯುತ್ತದೆ. ಕುಟುಂಬ ಪಿಂಚಣಿಯನ್ನು ಕೊನೆಯ ಸಂಬಳದ ಮೇಲೆ ಲೆಕ್ಕ ಹಾಕುತ್ತಾರೆ, ಕಮ್ಯುಟೇಶನ್ ಅದನ್ನು ಮುಟ್ಟುವುದಿಲ್ಲ. ಅವರ ಕೊನೆಯ ಮೂಲ ಸಂಬಳ 60,000. ಅದರ ಶೇ 30, ಅಂದರೆ 18,000, ಜೊತೆಗೆ ತುಟ್ಟಿ ಪರಿಹಾರ ಆಕೆಗೆ ಪೂರ್ತಿ ಸಿಗುತ್ತದೆ. ಯಜಮಾನರು 67 ತುಂಬುವ ಮೊದಲೇ ಹೋದರೆ, ಅವರಿಗೆ 67 ಆಗಬೇಕಿದ್ದ ದಿನದವರೆಗೆ ಇನ್ನೂ ಜಾಸ್ತಿಯೇ. ಆಕೆ ಎರಡು ಸಲ ಕೇಳಿದರು, ನಾನೂ ಎರಡು ಸಲ ಹೇಳಿದೆ. ನಂತರ ಚೀಟಿಯನ್ನು ಮಡಚಿ ಪರ್ಸಿಗೆ ಹಾಕಿಕೊಂಡರು.

ಅಲ್ಲಿಂದ ಮಾತು ಸಲೀಸಾಯಿತು. ನಾನು ಕೊಟ್ಟ ಸಲಹೆ: ತೆಗೆದುಕೊಳ್ಳಿ, ಆದರೆ ಶೇ 40 ಬೇಡ, 25 ಸಾಕು. 40 ಅನ್ನುವುದು ಮಿತಿ ಅಷ್ಟೇ, ಅಷ್ಟನ್ನೂ ತೆಗೆಯಲೇಬೇಕು ಅಂತಿಲ್ಲ.

ಇದನ್ನು ಒಪ್ಪದ ಸ್ನೇಹಿತರಿದ್ದಾರೆ. ಕಮ್ಯುಟೇಶನ್ ಅಂದರೆ ದುಬಾರಿ ಸಾಲ, ಯಾರಿಗೂ ಹೇಳಬಾರದು ಅನ್ನುತ್ತಾರೆ. ಸಾಲದ ಹಾಗೆ ಲೆಕ್ಕ ಹಾಕಿದರೆ ಈ ವಯಸ್ಸಿಗೆ ವರ್ಷಕ್ಕೆ ಸುಮಾರು ಶೇ 9ರ ಬಡ್ಡಿ ಬೀಳುತ್ತದೆ, ನಿಜ. ಈ ಹಣವನ್ನು ತೆಗೆದು ಬ್ಯಾಂಕಿನಲ್ಲಿ ಠೇವಣಿ ಇಡುತ್ತೇನೆ ಅನ್ನುವವರಿಗೆ ನಾನೇ ಬೇಡ ಅನ್ನುತ್ತೇನೆ. ಅಷ್ಟು ಬಡ್ಡಿ ಅಲ್ಲಿ ಹುಟ್ಟುವುದಿಲ್ಲ. ಆದರೆ ಇವರು ಕಟ್ಟುತ್ತಿದ್ದದ್ದು ವರ್ಷಕ್ಕೆ ಶೇ 24. ಜೊತೆಗೆ, ಸಾಲ ತೆಗೆದವರು ಸತ್ತರೆ ಬಾಕಿ ಮನ್ನಾ ಆಗುವ ಸಾಲ ಬೇರೆ ಎಲ್ಲಿದೆ? ಹೃದಯ ರೋಗ ಇರುವ ಮನೆಗೆ ಇದು ಸಣ್ಣ ವಿಷಯವಲ್ಲ.

ಶೇ 25 ಅಂದರೆ ತಿಂಗಳಿಗೆ 7,500. ಅದಕ್ಕೆ ಬರುವುದು 7,37,460. ಕೈಸಾಲದ 6 ಲಕ್ಷ ತೀರಿ, 1,37,460 ಆಸ್ಪತ್ರೆ ಖರ್ಚಿಗೆ ಉಳಿಯುತ್ತದೆ. ತಿಂಗಳಿಗೆ 12,000 ಬಡ್ಡಿ ಹೋಗುತ್ತಿದ್ದ ಕಡೆ 7,500 ಹೋಗುತ್ತದೆ. ತುಟ್ಟಿ ಪರಿಹಾರವನ್ನು ಕಡಿತಕ್ಕೆ ಮುಂಚಿನ 30,000ದ ಮೇಲೇ ಕೊಡುತ್ತಾರೆ, ಅದು ಕಮ್ಮಿಯಾಗುವುದಿಲ್ಲ. ಲೆಕ್ಕ ಸುಲಭವಾಗಲಿ ಅಂತ ಅದನ್ನು ಶೇ 50 ಎಂದು ಹಿಡಿದೆವು: ಒಟ್ಟು 45,000ದಲ್ಲಿ 37,500 ಕೈಗೆ. ಅವರ ಮನೆ ಖರ್ಚು, ಮಾತ್ರೆ ಎಲ್ಲ ಸೇರಿ 34,000. ಪೂರ್ತಿ ಶೇ 40 ತೆಗೆದಿದ್ದರೆ 33,000 ಮಾತ್ರ ಸಿಗುತ್ತಿತ್ತು, ಪ್ರತಿ ತಿಂಗಳೂ ಸಾವಿರ ಸಾಲದು.

ಮಗನ ಅಂಗಡಿ? ಅಲ್ಲಿ ನಾನು ಗಟ್ಟಿಯಾಗಿಯೇ ಮಾತಾಡಿದೆ. ಒಮ್ಮೆ ಜಾರಿಯಾದ ಕಮ್ಯುಟೇಶನ್ ಹಣವನ್ನು ವಾಪಸ್ ಕಟ್ಟಿ ಕಡಿತ ನಿಲ್ಲಿಸುವ ದಾರಿಯಿಲ್ಲ. ಅಂಗಡಿ ಎರಡೇ ವರ್ಷಕ್ಕೆ ಮುಚ್ಚಿದರೂ ಕಡಿತ ಇನ್ನೂ 13 ವರ್ಷ ನಡೆಯುತ್ತದೆ. 60 ದಾಟಿದವರ ತಿಂಗಳ ಅನ್ನದ ಮೇಲೆ ಮಕ್ಕಳ ವ್ಯಾಪಾರ ನಿಲ್ಲಬಾರದು ಅನ್ನುವುದು ನನ್ನ ನಂಬಿಕೆ. ಯಜಮಾನರಿಗೆ ಬೇಜಾರಾಯಿತು. ಆದರೂ ಒಪ್ಪಿದರು.

ಇನ್ನೊಂದು ಅವಸರವೂ ಇತ್ತು. ನಿವೃತ್ತಿಯಾದ ಒಂದು ವರ್ಷದೊಳಗೆ ಅರ್ಜಿ ಹಾಕಿದರೆ ವೈದ್ಯಕೀಯ ಪರೀಕ್ಷೆ ಇಲ್ಲ. ವರ್ಷ ದಾಟಿದರೆ ಪರೀಕ್ಷೆ ಕಡ್ಡಾಯ. ಆರೋಗ್ಯ ಸರಿಯಿಲ್ಲದಿದ್ದರೆ ವೈದ್ಯರು ವಯಸ್ಸನ್ನು ಜಾಸ್ತಿ ಎಂದು ಬರೆಯಬಹುದು, ಆಗ ಸಿಗುವ ಮೊತ್ತ ಇಳಿಯುತ್ತದೆ. ಬೇಡ ಅಂತಲೂ ಬರೆಯಬಹುದು. ಬೈಪಾಸ್ ಆದವರಿಗೆ ಉಳಿದಿದ್ದ ನಾಲ್ಕು ತಿಂಗಳು ಅಷ್ಟು ಮುಖ್ಯವಾಗಿತ್ತು. ಅದೇ ವಾರ ಕಚೇರಿಗೆ ಹೋಗಿ ಅರ್ಜಿ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬಂದರು.

15 ವರ್ಷ ಎಲ್ಲಿಂದ ಎಣಿಸಬೇಕು ಅನ್ನುವುದರಲ್ಲೂ ಬಹಳ ಜನ ಎಡವುತ್ತಾರೆ. 1986ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೇಲೆ ಕೇಂದ್ರದ ಪಿಂಚಣಿದಾರರಿಗೆ ಪೂರ್ತಿ ಪಿಂಚಣಿಯ ಈ ಮರುಸ್ಥಾಪನೆ ಸಿಕ್ಕಿದ್ದು. ಎಣಿಕೆ ಶುರುವಾಗುವುದು ಕಡಿತ ಜಾರಿಯಾದ ದಿನದಿಂದ, ನಿವೃತ್ತಿಯ ದಿನದಿಂದ ಅಲ್ಲ. ಬ್ಯಾಂಕ್ ಮೂಲಕ ಪಿಂಚಣಿ ಪಡೆಯುವವರಿಗೆ ಸಾಮಾನ್ಯವಾಗಿ ಅದು ಹಣ ಖಾತೆಗೆ ಬಿದ್ದ ದಿನ. ಪಿಂಚಣಿ ಪರಿಷ್ಕರಣೆಯಾಗಿ ಹೆಚ್ಚುವರಿ ಕಮ್ಯುಟೇಶನ್ ಹಣ ಇನ್ನೊಂದು ಸಲ ಬಂದಿದ್ದರೆ, ಆ ಭಾಗದ 15 ವರ್ಷ ಬೇರೆಯೇ.

ಮರುಸ್ಥಾಪನೆ ತಾನಾಗಿಯೇ ಆಗಬೇಕು. ಆದರೆ ಹಿಂದೊಮ್ಮೆ ಒಬ್ಬ ಹಿರಿಯರು ಬಂದಿದ್ದರು. 15 ವರ್ಷ ಮುಗಿದು ಐದು ತಿಂಗಳಾದರೂ ಅವರ ಕಡಿತ ನಿಂತಿರಲಿಲ್ಲ. ಖಾತೆ ಒಂದು ಶಾಖೆಯಿಂದ ಇನ್ನೊಂದಕ್ಕೆ ಹೋದಾಗ ಕಮ್ಯುಟೇಶನ್ ತಾರೀಕು ದಾಖಲೆಯಲ್ಲಿ ಬಿಟ್ಟುಹೋಗಿತ್ತು. ಪಿಪಿಒ ಅನ್ನುವ ಪಿಂಚಣಿ ಪಾವತಿ ಆದೇಶದ ಪ್ರತಿ, ಹಣ ಬಂದ ದಿನದ ಪಾಸ್‌ಬುಕ್ ಪುಟ ಎರಡನ್ನೂ ಲಗತ್ತಿಸಿ ಅರ್ಜಿ ಕೊಟ್ಟ ಮೇಲೆ ಐದು ತಿಂಗಳ ಬಾಕಿ ಬಂತು. ಪಾಸ್‌ಬುಕ್ ಕಳೆದುಹೋಗಿದ್ದರೆ ಇನ್ನೂ ಎಷ್ಟು ಓಡಾಡಬೇಕಿತ್ತೋ.

ಈ ದಂಪತಿಗೂ ಆ ಕಥೆ ಹೇಳಿದೆ. ಹಣ ಬಂದ ಮೇಲೆ ಆಕೆ ಫೋನ್ ಮಾಡಿದರು. ಸಾಲದ ಪತ್ರ ವಾಪಸ್ ತಂದಿದ್ದರು. ಪಾಸ್‌ಬುಕ್ಕಿನ ಆ ಪುಟದ ಜೆರಾಕ್ಸ್ ತೆಗೆಸಿ ಪಿಪಿಒಗೆ ಪಿನ್ ಹಾಕಿದ್ದೇನೆ, 15 ವರ್ಷದ ಮುಂದಿನ ತಾರೀಕನ್ನು ಮೇಲೆ ಕೆಂಪು ಪೆನ್ನಿನಲ್ಲಿ ಬರೆದಿದ್ದೇನೆ ಅಂದರು. "ಮಗಳಿಗೂ ಹೇಳಿಟ್ಟಿದೀನಿ ಮೇಡಂ, ಆ ದಿನ ಬಂದಾಗ ನಮಗೆ ಮರೆವು ಬಂದಿದ್ರೆ?"