ಪ್ಯಾಕೆಟ್ ಹಿಟ್ಟಿನ ನೆಟ್ ಕಾರ್ಬ್: ನಾರು ಕಳೆಯಬೇಕಾ, ಬೇಡವಾ?

ಪ್ರಶ್ನೆ: ನಾವು ತುಮಕೂರಿನವರು. ಅಪ್ಪನಿಗೆ ಶುಗರ್ ಇದೆ, ದಿನಕ್ಕೆ 100 ಗ್ರಾಂ ಕಾರ್ಬ್ ಒಳಗೇ ಇರಲಿ ಅಂದಿದ್ದಾರೆ. ‘ಲೋ ಕಾರ್ಬ್ ಚಪಾತಿ ಹಿಟ್ಟು’ ತಂದಿದ್ದೀನಿ. 100 ಗ್ರಾಂಗೆ ಎನರ್ಜಿ 376 ಕಿಲೋಕ್ಯಾಲೊರಿ, ಪ್ರೋಟೀನ್ 24 ಗ್ರಾಂ, ಕೊಬ್ಬು 9, ಕಾರ್ಬೋಹೈಡ್ರೇಟ್ 43, ನಾರು 14 ಅಂತಿದೆ. ನೆಟ್ ಕಾರ್ಬ್ 29 ಅಂತ ಹಿಡಿಯಬಹುದಾ?

ಉತ್ತರ: ಬೇಡ, ಈ ಪ್ಯಾಕೆಟ್‌ಗೆ 43 ಅಂತಲೇ ಹಿಡಿಯಿರಿ. ಇಲ್ಲಿ ನಾರನ್ನು ಮೊದಲೇ ಕಳೆದು ಬರೆದಿದ್ದಾರೆ. ನೀವು ಇನ್ನೊಮ್ಮೆ ಕಳೆದರೆ ಒಂದೇ ನಾರನ್ನು ಎರಡು ಸಲ ಕಳೆದಂತಾಗುತ್ತದೆ.

ಅಮೆರಿಕದ ಲೇಬಲ್‌ಗಳಲ್ಲಿ ಕಾರ್ಬೋಹೈಡ್ರೇಟ್ ಅಂದರೆ ನಾರೂ ಸೇರಿದ ಲೆಕ್ಕ, ಅದಕ್ಕೇ ಅಲ್ಲಿ ಕಳೆಯಬೇಕು. ಯೂರೋಪಿನಲ್ಲಿ ನಾರು ಬಿಟ್ಟು ಉಳಿದದ್ದನ್ನಷ್ಟೇ ಆ ಸಾಲಿನಲ್ಲಿ ಬರೆಯುತ್ತಾರೆ. ನಮ್ಮ ಅಂಗಡಿಗಳಲ್ಲಿ ಎರಡೂ ಥರದ ಪ್ಯಾಕೆಟ್ ಸಿಗುತ್ತವೆ. ಇಂಟರ್ನೆಟ್ಟಿನಲ್ಲಿ ಓಡಾಡುವ ‘ನಾರು ಕಳೆಯಿರಿ’ ಅನ್ನುವ ಸೂತ್ರ ಅಮೆರಿಕದ್ದು. ಅದನ್ನು ಎಲ್ಲದಕ್ಕೂ ಹಾಕಬಾರದು.

ಯಾವ ಥರದ್ದು ಅಂತ ಕಂಡುಹಿಡಿಯೋಕೆ ಹೆಚ್ಚಿನ ಸಲ ಎನರ್ಜಿ ಸಾಲೇ ಸಾಕು. ಪ್ರೋಟೀನ್ ಮತ್ತು ಪಿಷ್ಟ ಗ್ರಾಂಗೆ 4 ಕ್ಯಾಲೊರಿ, ಕೊಬ್ಬು 9, ನಾರು ಸುಮಾರು 2. ನಿಮ್ಮ ಪ್ಯಾಕೆಟ್ಟನ್ನು ಎರಡೂ ರೀತಿ ಕೂಡಿ ನೋಡೋಣ.

ನಾರು 43ರ ಒಳಗೇ ಇದೆ ಅಂದುಕೊಂಡರೆ:

```
24×4 + 9×9 + 29×4 + 14×2 = 321
```

ನಾರು ಬೇರೆಯಾಗಿದೆ ಅಂದುಕೊಂಡರೆ:

```
24×4 + 9×9 + 43×4 + 14×2 = 377
```

ಪ್ಯಾಕೆಟ್ ಮೇಲಿರೋದು 376. ಎರಡನೆಯದಕ್ಕೆ ಸರಿಯಾಗಿ ಕೂತಿತು. ಒಂದೆರಡು ಕ್ಯಾಲೊರಿ ಆಚೀಚೆ ಆಗೋದು ಅಂಕಿಗಳನ್ನು ಪೂರ್ಣಾಂಕ ಮಾಡೋದರಿಂದ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಕೆಲವು ಕಂಪನಿಗಳು ನಾರಿನ ಕ್ಯಾಲೊರಿಯನ್ನು ಲೆಕ್ಕಕ್ಕೇ ತರೋದಿಲ್ಲ, ಇಲ್ಲವೇ ನಾರು ಸೇರಿದ ಇಡೀ ಕಾರ್ಬ್‌ಗೆ 4 ಹಾಕಿಬಿಡುತ್ತವೆ. ಆಗ ನಾರು ಬೇರೆ ಇದ್ದು ಬಿಟ್ಟರೂ, 43ರ ಒಳಗಿದ್ದು 4 ಹಾಕಿದರೂ ಇದೇ ಹಿಟ್ಟಿಗೆ 349 ಬರುತ್ತದೆ, ಎನರ್ಜಿಯಿಂದ ಏನೂ ತಿಳಿಯೋದಿಲ್ಲ. ಅಂಥ ಕಡೆ ನಾನು ತೂಕ ಕೂಡಿ ನೋಡಿ ಅನ್ನುತ್ತೇನೆ. ಪ್ರೋಟೀನ್, ಕೊಬ್ಬು, ಕಾರ್ಬ್ ಮೂರೂ ಸೇರಿ 76 ಗ್ರಾಂ. ನಾರು ಇದರೊಳಗೇ ಇದ್ದರೆ ಮಿಕ್ಕ 24 ಗ್ರಾಂ ನೀರು ಮತ್ತು ಖನಿಜ ಆಗಬೇಕು. ಅಷ್ಟು ತೇವ ಇರೋ ಹಿಟ್ಟು ಪ್ಯಾಕೆಟ್ಟಿನಲ್ಲೇ ಬೂಸ್ಟು ಹಿಡಿಯುತ್ತದೆ. ನಾರು ಬೇರೆ ಅಂದರೆ ಮೊತ್ತ 90, ಉಳಿಯೋದು 10. ಒಣ ಹಿಟ್ಟಿಗೆ ಅದೇ ಸರಿ. ಇದು ಹಿಟ್ಟು, ರವೆ, ಬಿಸ್ಕತ್ತಿನಂಥ ಒಣ ಪದಾರ್ಥಕ್ಕೆ ಹೊಂದುತ್ತದೆ; ಬ್ರೆಡ್ಡಿನಲ್ಲಿ ನೀರು ಹೆಚ್ಚು, ಅಲ್ಲಿ ನಡೆಯೋದಿಲ್ಲ. ಎರಡರಲ್ಲೂ ತೀರ್ಮಾನ ಆಗದಿದ್ದರೆ ಕಳೆಯದೆ ಬಿಡಿ, ಸಕ್ಕರೆ ಕಾಯಿಲೆಯವರಿಗೆ ಅದೇ ಕ್ಷೇಮ.

ಈಗ ತಟ್ಟೆಗೆ ಬನ್ನಿ. ಒಂದು ಚಪಾತಿಗೆ 30 ಗ್ರಾಂ ಹಿಟ್ಟು ಹಿಡಿದರೆ 13 ಗ್ರಾಂ ಕಾರ್ಬ್, ಮೂರಕ್ಕೆ 39. ನಿಮ್ಮ 29ರ ಲೆಕ್ಕದಲ್ಲಿ ಮೂರಕ್ಕೆ 26 ಅಂತಿತ್ತು. ಎರಡು ಹೊತ್ತೂ ಹೀಗೇ ತಿಂದರೆ ಗೊತ್ತಿಲ್ಲದೆ 25 ಗ್ರಾಂ ಹೆಚ್ಚು ಹೋಗುತ್ತದೆ, ನೂರರ ಮಿತಿಯಲ್ಲಿ ಕಾಲು ಭಾಗ. ಹಿಟ್ಟನ್ನು ಒಮ್ಮೆ ಅಡುಗೆ ತಕ್ಕಡಿಯಲ್ಲಿ ತೂಗಿ ನೋಡಿ. ಮನೆ ಚಪಾತಿ 40 ಗ್ರಾಂ ಮುಟ್ಟೋದು ಅಪರೂಪವೇನಲ್ಲ. ‘ಪ್ರತಿ ಸರ್ವಿಂಗ್‌ಗೆ’ ಅಂತ ಇರೋ ಕಾಲಂ ಬಿಟ್ಟು 100 ಗ್ರಾಂ ಕಾಲಂ ಹಿಡಿದುಕೊಂಡರೆ ಗೊಂದಲ ಇರೋದಿಲ್ಲ.

ನಮ್ಮ ಕಡೆ ಮುದ್ದೆ ವಿಷಯದಲ್ಲೂ ಇದೇ ತಪ್ಪು ಆಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಲ್ಲಿ ರಾಗಿಗೆ ಕಾರ್ಬ್ 66.8, ನಾರು 11.2 ಅಂತಿದೆ. ಅಲ್ಲಿ ನಾರು ಬಿಟ್ಟೇ 66.8. ಕಳೆದು 56 ಅಂದುಕೊಂಡು ಮುದ್ದೆ ಉಣ್ಣಬೇಡಿ. 75 ಗ್ರಾಂ ಹಿಟ್ಟಿನ ಒಂದು ಮುದ್ದೆಗೆ 50 ಗ್ರಾಂ ಕಾರ್ಬ್, ಅಪ್ಪನ ಅರ್ಧ ದಿನದ ಪಾಲು.

‘ಶುಗರ್ ಫ್ರೀ’ ಬಿಸ್ಕತ್ತು, ಚಾಕೊಲೇಟ್ ತಂದರೆ ಪದಾರ್ಥಗಳ ಪಟ್ಟಿಯಲ್ಲಿ ಸಿಹಿಕಾರಕದ ಹೆಸರು ಅಥವಾ ನಂಬರ್ ಓದಿ. ಎರಿಥ್ರಿಟಾಲ್ (968) ಕಾರ್ಬ್ ಲೆಕ್ಕದಲ್ಲಿ ಸೇರಿದ್ದರೆ ಪೂರ್ತಿ ಕಳೆಯಬಹುದು. ಮಾಲ್ಟಿಟಾಲ್ (965) ರಕ್ತದ ಸಕ್ಕರೆಯನ್ನು ಏರಿಸುತ್ತದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಳೆಯಬೇಡಿ.

ಅಪ್ಪ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಮಾತ್ರೆ ತಗೊಳ್ಳುತ್ತಿದ್ದರೆ, ಕಾರ್ಬ್ ಇಳಿಸುವ ಮೊದಲು ಡೋಸ್ ಬಗ್ಗೆ ಡಾಕ್ಟರನ್ನು ಕೇಳಿ. ಊಟ ಕಡಿಮೆಯಾಗಿ ಮಾತ್ರೆ ಹಾಗೇ ಉಳಿದರೆ ಲೋ ಶುಗರ್ ಆಗುತ್ತದೆ. ಹೊಸ ಹಿಟ್ಟಿನ ಚಪಾತಿ ತಿಂದ ದಿನ, ಊಟಕ್ಕೆ ಮೊದಲೊಮ್ಮೆ, ಊಟ ಶುರು ಮಾಡಿ ಎರಡು ಗಂಟೆಗೆ ಇನ್ನೊಮ್ಮೆ ಗ್ಲೂಕೋಮೀಟರಿನಲ್ಲಿ ನೋಡಿ ಬರೆದಿಡಿ, ಆ ಚೀಟಿಯನ್ನೇ ಡಾಕ್ಟರಿಗೆ ತೋರಿಸಿ.