ಜೀಬ್ರಾ ಕ್ರಾಸಿಂಗ್ ಹತ್ರ ಪಕ್ಕದ ಗಾಡಿ ನಿಂತಿದ್ರೆ ನೀವೂ ನಿಲ್ಲಿಸ್ಬೇಕು

ಪ್ರಶ್ನೆ: ಸಿಗ್ನಲ್ ಇಲ್ಲದ ಜೀಬ್ರಾ ಹತ್ರ ಜನ ದಾಟ್ತಿದ್ರು ಅಂತ ಕಾರ್ ನಿಲ್ಲಿಸಿದೆ. ಹಿಂದಿನವ್ರು ಹಾರ್ನ್ ಮೇಲೆ ಹಾರ್ನ್. ಬಲಗಡೆಯಿಂದ ಬಂದ ಬೈಕ್ ದಾಟ್ತಿದ್ದ ಅಜ್ಜಿಗೆ ಸ್ವಲ್ಪದ್ರಲ್ಲಿ ತಗುಲ್ಲಿಲ್ಲ. ನಾನು ನಿಲ್ಲಿಸಿದ್ದೇ ತಪ್ಪು ಅಂತ ಮನೆಯವ್ರು ಬೈತಿದ್ದಾರೆ, ಹೌದಾ?

ಉತ್ತರ: ನೀವು ನಿಲ್ಲಿಸಿದ್ದು ಸರಿ, ತಪ್ಪು ಮಾಡಿದ್ದು ಬೈಕ್‌ನವನು. ಈ ಪ್ರಶ್ನೆ ನನಗೆ ಪದೇ ಪದೇ ಬರುತ್ತೆ, ಪ್ರತಿ ಸಲಾನೂ ನಿಲ್ಲಿಸಿದವ್ರೇ ಅಪರಾಧಿ ಥರ ಕೇಳ್ತಾರೆ, ಅದು ನೋಡಿದ್ರೆ ಸಿಟ್ಟು ಬರುತ್ತೆ.

ನಮ್ಮ ದೇಶದಲ್ಲಿ ಇದಕ್ಕೆ ಇರೋ ನಿಯಮ 2017ರ ಮೋಟಾರು ವಾಹನ ಚಾಲನಾ ನಿಬಂಧನೆಗಳಲ್ಲಿದೆ. ಸಿಗ್ನಲ್ ಆಗ್ಲಿ ಪೊಲೀಸ್ ಆಗ್ಲಿ ಇಲ್ಲದ ಪಾದಚಾರಿ ಕ್ರಾಸಿಂಗ್ ಹತ್ರ ಬರುವಾಗ ಡ್ರೈವರ್ ಸ್ಪೀಡ್ ಕಮ್ಮಿ ಮಾಡ್ಬೇಕು, ನಿಲ್ಲಿಸ್ಬೇಕು, ನಡೆದು ಹೋಗೋರಿಗೂ ವೀಲ್‌ಚೇರ್‌ನವ್ರಿಗೂ ದಾರಿ ಬಿಡ್ಬೇಕು. ಈ ಮಾತು ಮೊದಲು ಬಂದ ಒಂದು ಗಾಡಿಗೆ ಮಾತ್ರ ಹೇಳಿದ್ದಲ್ಲ, ಕ್ರಾಸಿಂಗ್ ಕಡೆ ಬರ್ತಿರೋ ಪ್ರತಿ ಗಾಡಿಗೂ, ಪ್ರತಿ ಲೇನ್‌ಗೂ ಹೇಳಿದ್ದು. ಪಕ್ಕದ ಲೇನ್ ಖಾಲಿ ಇದೆ ಅಂತ ನುಗ್ಗೋಕೆ ಯಾರಿಗೂ ಪರ್ಮಿಷನ್ ಇಲ್ಲ. 1968ರ ವಿಯೆನ್ನಾ ರಸ್ತೆ ಸಂಚಾರ ಒಪ್ಪಂದದಲ್ಲಿ ಇದನ್ನ ಇನ್ನೂ ಬಿಡಿಸಿ ಬರೆದಿದ್ದಾರೆ: ಕ್ರಾಸಿಂಗ್ ಮುಂದೆ ನಿಂತಿರೋ ಗಾಡೀನ ದಾಟಿ ಹೋಗೋದಾದ್ರೆ, ಯಾರಾದ್ರೂ ಕಂಡ ತಕ್ಷಣ ನಿಲ್ಲಿಸೋಕಾಗೋ ಅಷ್ಟು ನಿಧಾನವಾಗಿ ಮಾತ್ರ ಹೋಗ್ಬೇಕು.

ಯಾಕೆ ಅಂತ ಲೆಕ್ಕ ಹಾಕಿ ನೋಡಿ. ಎಡಗಡೆ ಲೇನ್‌ನಲ್ಲಿ ಬಸ್ಸು ಜೀಬ್ರಾಗೆ ಅಂಟ್ಕೊಂಡೇ ನಿಂತಿದೆ, ಅದರ ಮುಂದೆ ಒಬ್ರು ದಾಟ್ತಿದ್ದಾರೆ, ಬಲಗಡೆ ಲೇನ್‌ನಲ್ಲಿ ಬೈಕು 40 ಕಿಲೋಮೀಟರ್ ಸ್ಪೀಡಲ್ಲಿ ಬರ್ತಿದೆ. ಬಸ್ಸಿನ ಮರೆಯಿಂದ ಆಚೆ ಬರೋ ತನಕ ಆ ಮನುಷ್ಯ ಬೈಕ್‌ನವನಿಗೆ ಕಾಣೋದೇ ಇಲ್ಲ. ಬಸ್ಸಿಗೂ ಬೈಕ್ ಹೋಗೋ ದಾರಿಗೂ ನಡುವೆ ಒಂದೂವರೆ ಮೀಟರ್ ಅಂತ ಇಟ್ಕೊಳ್ಳಿ, ಮಾಮೂಲಿ ನಡಿಗೆಯಲ್ಲಿ ಅಷ್ಟು ದೂರ ಹೋಗೋಕೆ ಒಂದೂಕಾಲು ಸೆಕೆಂಡ್ ಸಾಕು. ಅಷ್ಟರಲ್ಲಿ ಬೈಕು ಹತ್ತಿರ ಹತ್ತಿರ 14 ಮೀಟರ್ ಬಂದಿರುತ್ತೆ. ಆದ್ರೆ ಆ ಸ್ಪೀಡಲ್ಲಿ ನಿಲ್ಲಿಸೋಕೆ ಬೇಕಾಗೋದು ಸುಮಾರು 20 ಮೀಟರ್, ನೋಡಿ ಬ್ರೇಕ್ ಹಿಡಿಯೋ ಒಂದು ಸೆಕೆಂಡಲ್ಲೇ 11 ಮೀಟರ್ ಹೋಗಿಬಿಡುತ್ತೆ, ಉಳಿದ 9 ಮೀಟರ್ ಬ್ರೇಕ್ ಹಿಡಿದ ಮೇಲಿಂದು, ಅದೂ ರಸ್ತೆ ಒಣಗಿದ್ದು ಟೈರ್ ಚೆನ್ನಾಗಿದ್ರೆ. ಅಂದ್ರೆ ಬೈಕ್ ಸವಾರ ಎಷ್ಟೇ ಚುರುಕಾಗಿರ್ಲಿ, ಆ ಕ್ಷಣದಲ್ಲಿ ಅವನ ಕೈಲಿ ಏನೂ ಇರಲ್ಲ. ಅದೇ ಬೈಕು 20ರಲ್ಲಿ ಬಂದಿದ್ರೆ ಸುಮಾರು 8 ಮೀಟರ್‌ನಲ್ಲಿ ನಿಲ್ಲುತ್ತಿತ್ತು. ಸೋ ತೀರ್ಮಾನ ಮಾಡ್ಬೇಕಾಗಿರೋದು ಜನ ಕಂಡ ಮೇಲಲ್ಲ, ಜೀಬ್ರಾ ಹತ್ರ ಒಂದು ಗಾಡಿ ನಿಂತಿದೆ ಅಂತ ಕಂಡಾಗ್ಲೇ. ಅದು ಯಾಕೆ ನಿಂತಿದೆ ಅಂತ ಗೊತ್ತಿಲ್ಲ ಅಂದ್ರೆ ಅದರ ಮುಂದೆ ಜನ ಇದ್ದಾರೆ ಅಂತಾನೇ ತಿಳ್ಕೊಳ್ಳಿ.

ಇನ್ನು ನಿಲ್ಲಿಸೋರು ಮಾಡೋ ಒಂದು ಎಡವಟ್ಟಿದೆ. ಜೀಬ್ರಾ ತನಕ ಬಂದು ಪಟ್ಟಿ ಮೇಲೇ ಮೂತಿ ಇಟ್ಟು ನಿಲ್ಲಿಸ್ತಾರೆ, ಆಮೇಲೆ ಕೈ ಬೀಸಿ "ಹೋಗಿ ಹೋಗಿ" ಅಂತಾರೆ. ದಯವಿಟ್ಟು ಕೈ ಬೀಸ್ಬೇಡಿ. ನಿಮ್ಮ ಲೇನ್ ನಿಮ್ಮ ಕೈಲಿದೆ, ಪಕ್ಕದ್ದು ಇಲ್ಲ, ಆದ್ರೆ ದಾಟೋರು ನಿಮ್ಮನ್ನ ನಂಬಿ ಆ ಕಡೆ ನೋಡದೆ ಹೆಜ್ಜೆ ಇಡ್ತಾರೆ, ಮಕ್ಕಳು ವಯಸ್ಸಾದವ್ರಂತೂ ಓಡೇ ಬಿಡ್ತಾರೆ. ಒಂದು ಕಾರ್ ಉದ್ದದಷ್ಟು ಹಿಂದೇನೇ ನಿಲ್ಲಿಸಿ, ಆಗ ಪಕ್ಕದ ಲೇನ್‌ನವ್ರಿಗೆ ದಾಟೋರು ಸ್ವಲ್ಪ ಮೊದಲೇ ಕಾಣ್ತಾರೆ. ಬ್ರೇಕ್ ಬೇಗ ಮುಟ್ಟಿ, ಹಿಂದಿನವ್ರಿಗೆ ಕೆಂಪು ಲೈಟ್ ಕಾಣ್ಲಿ. ಹಿಂದಿನ ಗಾಡಿ ಅಂತರ ಇಟ್ಕೊಂಡು ಬರ್ಬೇಕು ಅನ್ನೋದೂ ನಿಯಮಾನೇ, ಅವ್ರ ಹಾರ್ನ್‌ಗೆ ಹೆದರಿ ಜನ ಇನ್ನೂ ಮಧ್ಯದಲ್ಲಿರುವಾಗ ಗಾಡಿ ಮುಂದೆ ತಳ್ಬೇಡಿ.

ದಾಟೋರಿಗೂ ಒಂದು ಮಾತು. ಹಕ್ಕು ನಿಮ್ದೇ, ಆದ್ರೂ ನಿಂತಿರೋ ಗಾಡಿಯ ಕೊನೆ ಅಂಚಿಗೆ ಬಂದಾಗ ಒಂದ್ಸಲ ನಿಂತು, ಇಣುಕಿ ನೋಡಿ ಆಮೇಲೆ ಮುಂದಿನ ಲೇನ್‌ಗೆ ಇಳೀರಿ. ನಾನಂತೂ ಹಾಗೇ ದಾಟೋದು, ನನ್ನ ಮಕ್ಕಳಿಗೂ ಅದನ್ನೇ ಕಲಿಸಿರೋದು.

ಪ್ರಶ್ನೆ: ಜನ ರಸ್ತೆ ಅಂಚಲ್ಲಿ ಸುಮ್ನೆ ನಿಂತಿದ್ರೂ ನಿಲ್ಲಿಸ್ಬೇಕಾ, ಇಲ್ಲ ಪಟ್ಟಿ ಮೇಲೆ ಕಾಲಿಟ್ಟ ಮೇಲಾ?

ಉತ್ತರ: ನಮ್ಮ ನಿಬಂಧನೆ "ಪಾದಚಾರಿಗೆ ದಾರಿ ಬಿಡಿ" ಅನ್ನುತ್ತೆ, ಕಾಲಿಟ್ಟ ಮೇಲೆ ಅಂತ ಷರತ್ತು ಹಾಕಿಲ್ಲ. ದಾಟೋಕೆ ಕಾಯ್ತಿದ್ದಾರೆ ಅಂತ ಕಂಡ್ರೆ ನಿಲ್ಲಿಸ್ಬೇಕು, ನಾನು ಅದನ್ನ ಓದೋದು ಹೀಗೇ. ಬ್ರಿಟನ್‌ನಲ್ಲಿ ಕಾಲಿಟ್ಟ ಮೇಲೆ ನಿಲ್ಲಿಸೋದು ಕಾನೂನಿನ ಕಡ್ಡಾಯ, ಕಾಯ್ತಿರೋರಿಗೂ ದಾರಿ ಬಿಡಿ ಅಂತ 2022ರಲ್ಲಿ ಅವ್ರ ಹೈವೇ ಕೋಡ್‌ಗೆ ಸೇರಿಸಿದ್ರು. ಜರ್ಮನಿಯಲ್ಲಿ ದಾಟೋ ಇಷ್ಟ ಇದೆ ಅಂತ ಕಂಡ್ರೇ ಸಾಕು.

ಪ್ರಶ್ನೆ: ಕೈ ಅಡ್ಡ ತೋರಿಸಿದ್ರೆ ಗಾಡಿ ನಿಲ್ಲಿಸ್ಲೇಬೇಕಂತೆ, ಫಾರ್ವರ್ಡ್ ಮೆಸೇಜ್ ಬಂದಿತ್ತು.

ಉತ್ತರ: ನಿಮ್ಮ ಹಕ್ಕು ಕೈಯಿಂದ ಬರಲ್ಲ, ಕ್ರಾಸಿಂಗ್‌ನಿಂದ ಬರುತ್ತೆ, ಕೈ ತೋರಿಸಿದ್ರೆ ನೀವು ಚೆನ್ನಾಗಿ ಕಾಣ್ತೀರಿ ಅಷ್ಟೇ, ಅದನ್ನ ನಂಬಿ ಓಡೋ ಗಾಡಿ ಮುಂದೆ ಇಳೀಬೇಡಿ.

ಪ್ರಶ್ನೆ: ರಾತ್ರಿ ಸಿಗ್ನಲ್ ಹಳದಿ ಮಿನುಗ್ತಿರುತ್ತೆ, ಆಗ ಯಾರಿಗೆ ಮೊದಲು?

ಉತ್ತರ: ಮಿನುಗೋ ಹಳದಿ ಅಂದ್ರೆ ನಿಧಾನವಾಗಿ ನೋಡ್ಕೊಂಡು ಹೋಗಿ ಅಂತ. ಆಗ ಅದು ಸಿಗ್ನಲ್ ಇಲ್ಲದ ಕ್ರಾಸಿಂಗ್ ಇದ್ದ ಹಾಗೆ, ದಾಟೋರಿಗೇ ಮೊದಲು.

ಪ್ರಶ್ನೆ: ಜಾಮ್‌ನಲ್ಲಿ ಮುಂದಿನ ಗಾಡಿ ಹಿಂದೇನೇ ಹೋಗಿ ಜೀಬ್ರಾ ಮೇಲೆ ಸಿಕ್ಕಾಕೊಂಡೆ, ಫೈನ್ ಹಾಕಿದ್ರು. ನನ್ನ ತಪ್ಪೇನು?

ಉತ್ತರ: ಆಚೆ ಜಾಗ ಇದೆಯಾ ನೋಡದೆ ಹತ್ತಿದ್ದೇ ತಪ್ಪು. ಮುಂದೆ ಹೋಗೋಕಾಗದೆ ಕ್ರಾಸಿಂಗ್‌ಗೆ ಅಡ್ಡ ಆಗೋ ಹಾಗಿದ್ರೆ ಅದರ ಮೇಲೆ ಹೋಗ್ಬಾರ್ದು ಅಂತ ಅದೇ ನಿಬಂಧನೆಯಲ್ಲಿದೆ. ಚಾಲನಾ ನಿಬಂಧನೆ ಮುರಿದ್ರೆ ಮೋಟಾರು ವಾಹನ ಕಾಯ್ದೆಯ 177ಎ ಸೆಕ್ಷನ್ ಪ್ರಕಾರ 500 ರಿಂದ 1,000 ರೂಪಾಯಿ ತನಕ ದಂಡ ಇದೆ.

ಪ್ರಶ್ನೆ: ಜೀಬ್ರಾ ಬಿಟ್ಟು ಬೇರೆ ಕಡೆ ದಾಟುವಾಗ ಗಾಡಿ ಗುದ್ದಿದ್ರೆ ಪರಿಹಾರ ಸಿಗಲ್ಲ ಅಂತ ಒಬ್ಬ ಏಜೆಂಟ್ ಹೇಳಿದ. ನಿಜಾನಾ?

ಉತ್ತರ: ಸುಳ್ಳು. ಜೀಬ್ರಾ ಇಲ್ಲದ ಕಡೆನೂ ಜನರನ್ನ ನೋಡ್ಕೊಂಡು ಓಡಿಸೋದು ಡ್ರೈವರ್ ಕರ್ತವ್ಯ. ದಾಟಿದವ್ರ ತಪ್ಪೂ ಇದೆ ಅಂತ ಕಂಡ್ರೆ ಟ್ರಿಬ್ಯೂನಲ್ ಪರಿಹಾರದಲ್ಲಿ ಸ್ವಲ್ಪ ಕಡಿತ ಮಾಡ್ಬಹುದು, ಆದ್ರೆ ಕ್ಲೇಮ್ ಹಾಕೋ ಹಕ್ಕು ಹೋಗಲ್ಲ. ಆ ಏಜೆಂಟ್ ಕೊಟ್ಟ ಯಾವ ಕಾಗದಕ್ಕೂ ಸಹಿ ಹಾಕ್ಬೇಡಿ, ಮೋಟಾರು ಅಪಘಾತ ಕೇಸ್ ನಡೆಸೋ ವಕೀಲರನ್ನ ಬೇಗ ನೋಡಿ.